ಎಳೀಬೇಡಿ, ಬರಲಿ ಬಿಡಿ: ಉಸಿರಾಟದ ಪಾಠವೊಂದನ್ನು ಕನ್ನಡಕ್ಕೆ ತರುವುದು



ಇವತ್ತು ಒಂದೇ ಕೆಲಸ ಮಾಡೋಣ. ಸುಮಾರು 20 ನಿಮಿಷದ ಒಂದು ಉಸಿರಾಟದ ಅಭ್ಯಾಸ ಇದೆ. ಮಲಗಿಕೊಂಡೇ ಮಾಡುವಂಥದ್ದು. ಅದರ ಒಂದೊಂದು ಹೆಜ್ಜೆಯನ್ನೂ ಕನ್ನಡದಲ್ಲಿ ಹೇಗೆ ಹೇಳೋದು, ಆ ಹೆಜ್ಜೆ ಯಾಕಿದೆ, ಎಲ್ಲಿ ತಪ್ಪುತ್ತೆ ಅಂತ ನೋಡೋಣ. ಕೊನೆಗೆ ಪೂರ್ತಿ ಪಾಠವನ್ನು ಓದಿ ಹೇಳ್ತೀನಿ, ನಿಮ್ಮ ಅಪ್ಪ ಅಮ್ಮಂಗೆ ನೀವೇ ನಿಧಾನವಾಗಿ ಓದಿ ಹೇಳಬಹುದು.

ಅಪ್ಪ ಅಮ್ಮ ಅಂತ ಯಾಕಂದೆ ಅಂದ್ರೆ, ಈ ಕೆಲಸ ಶುರುವಾಗಿದ್ದೇ ಅಲ್ಲಿಂದ. ವಾಕಡ್, ಹಿಂಜವಡಿ, ಬಾಣೇರ್ ಕಡೆ ನೋಡಿ, ಮೊಮ್ಮಗು ಹುಟ್ಟಿದ ಮೇಲೆ ಊರಿಂದ ಬಂದು ಆರು ತಿಂಗಳು ಇರೋ ಹಿರಿಯರು ಎಷ್ಟು ಜನ! ಬೆಳಗ್ಗೆ ಸೊಸೈಟಿ ಕ್ಲಬ್‌ಹೌಸಲ್ಲಿ ಯೋಗದ ಕ್ಲಾಸ್ ಇರುತ್ತೆ, ಮರಾಠಿಯಲ್ಲೋ ಇಂಗ್ಲಿಷಲ್ಲೋ. ಅವರು ಹೋಗಿ ಪಕ್ಕದವರನ್ನ ನೋಡ್ಕೊಂಡು ಮಾಡ್ತಾರೆ. ಕೈಕಾಲಿನ ಆಸನ ಆದ್ರೆ ನೋಡಿ ಕಲಿಯಬಹುದು. ಉಸಿರು ಕಣ್ಣಿಗೆ ಕಾಣಲ್ಲ. ಅಲ್ಲಿ ಕಿವಿಗೆ ಬೀಳೋ ಮಾತೇ ಪಾಠ. ಮಾತು ಬದಲಾದ್ರೆ ಉಸಿರೂ ಬದಲಾಗುತ್ತೆ.

ಯಾವ ಪಾಠ, ಯಾಕೆ ಪುಣೆ

ನಾನು ತಗೊಂಡಿರೋ ಕ್ರಮ ಬಿ.ಕೆ.ಎಸ್. ಅಯ್ಯಂಗಾರರ ಪರಂಪರೆಯದು. ಮಲಗಿ ಮಾಡುವ ಉಜ್ಜಾಯಿ, ಆಮೇಲೆ ವಿಲೋಮ, ಕೊನೆಗೆ ವಿಶ್ರಾಂತಿ. ಅವರು ಹುಟ್ಟಿದ್ದು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಲ್ಲಿ. ಯೋಗ ಕಲಿತದ್ದು ಮೈಸೂರಲ್ಲಿ, ತಮ್ಮ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಹತ್ತಿರ. 1937ರಲ್ಲಿ ಪುಣೆಗೆ ಬಂದರು. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ಗೋಖಲೆಯವರ ಮೂಲಕ ಕರೆ ಬಂದಿತ್ತು, ಡೆಕ್ಕನ್ ಜಿಮ್ಖಾನಾದಲ್ಲಿ ಆರು ತಿಂಗಳು ಕಲಿಸೋಕೆ. ಆರು ತಿಂಗಳಿಗೆ ಅಂತ ಬಂದವರು 2014ರಲ್ಲಿ ತೀರಿಕೊಳ್ಳೋವರೆಗೂ ಇಲ್ಲೇ ಉಳಿದರು. ಪ್ರಾಜೆಕ್ಟಿಗೆ ಅಂತ ಬಂದು ಇಲ್ಲೇ ಮನೆ ತಗೊಂಡ ನಮಗೆ ಇದು ಹೊಸ ಕಥೆ ಅನಿಸಲ್ಲ.

ಅವರ ದೊಡ್ಡ ಪುಸ್ತಕಗಳು ಮೊದಲು ಬಂದದ್ದು ಇಂಗ್ಲಿಷಲ್ಲಿ. ಆಸನಗಳ ಬಗ್ಗೆ ‘ಲೈಟ್ ಆನ್ ಯೋಗ’, ಆಮೇಲೆ 1981ರಲ್ಲಿ ‘ಲೈಟ್ ಆನ್ ಪ್ರಾಣಾಯಾಮ’. ಆದರೆ ಅವರ ಗುರು ಕೃಷ್ಣಮಾಚಾರ್ಯರು ‘ಯೋಗ ಮಕರಂದ’ವನ್ನು 1934ರಲ್ಲಿ ಕನ್ನಡದಲ್ಲೇ ಬರೆದಿದ್ದರು. ಅಂದ್ರೆ ಯೋಗದ ಸೂಚನೆ ಕೊಡೋಕೆ ಕನ್ನಡಕ್ಕೆ ಬರಲ್ಲ ಅನ್ನೋ ಮಾತಿಲ್ಲ. ಮೈಸೂರಲ್ಲಿ ಕಲಿತದ್ದು ಪುಣೆಗೆ ಬಂದು, ಇಂಗ್ಲಿಷಾಗಿ ಲೋಕವನ್ನೆಲ್ಲ ಸುತ್ತಿ, ಈಗ ನಮ್ಮ ಮನೆ ಹಾಲಲ್ಲಿ ಮತ್ತೆ ಕನ್ನಡ ಆಗಬೇಕಾಗಿದೆ, ಅಷ್ಟೆ.

ಐದು ನಿಮಿಷದಲ್ಲಿ ತಲೆ ತಿರುಗಿದ್ದು

ನಮ್ಮ ಸೊಸೈಟಿಯಲ್ಲೇ ನಡೆದದ್ದು ಹೇಳ್ತೀನಿ. ಬಾಗಲಕೋಟೆ ಕಡೆಯ ಒಬ್ಬರು ಅವ್ವ, 64 ವರ್ಷ, ಬಿಪಿ ಮಾತ್ರೆ ತಗೋತಾರೆ. ನಿದ್ದೆ ಸರಿಯಾಗಿ ಬರ್ತಿರಲಿಲ್ಲ. ಮಗ ಲ್ಯಾಪ್‌ಟಾಪಲ್ಲಿ ಒಂದು ಇಂಗ್ಲಿಷ್ ವಿಡಿಯೋ ಹಾಕಿ, ಪಕ್ಕದಲ್ಲಿ ಕೂತು ಅನುವಾದ ಮಾಡ್ತಾ ಹೋದ. ವಿಡಿಯೋದಲ್ಲಿ ‘ಇನ್‌ಹೇಲ್’ ಅಂದಾಗ ಇವನು “ಉಸಿರು ಎಳಕೋ ಅವ್ವ”. ‘ಹೋಲ್ಡ್’ ಅಂದಾಗ “ಹಿಡಿ”. ‘ಎಕ್ಸ್‌ಹೇಲ್’ ಅಂದಾಗ “ಬಿಡು”. ನಿಘಂಟು ತೆಗೆದು ನೋಡಿದ್ರೆ ಮೂರರಲ್ಲೂ ತಪ್ಪಿಲ್ಲ. ಆದರೆ ಐದೇ ನಿಮಿಷಕ್ಕೆ ಅವರಿಗೆ ತಲೆ ತಿರುಗಿತು, ಬೆರಳ ತುದಿ ಜುಮುಜುಮು ಅಂದವು, ಎದ್ದು ಕೂತುಬಿಟ್ಟರು. “ನನಗ ಇದು ಆಗಂಗಿಲ್ಲ” ಅಂದರು.

ಏನಾಯ್ತು? ‘ಎಳಕೋ’ ಅಂದಾಗ ಅವರು ನಿಜವಾಗಿಯೂ ಎಳೆದರು. ಕನ್ನಡದಲ್ಲಿ ಎಳೆಯೋದು ಅಂದ್ರೆ ಬಾವಿಯಿಂದ ಹಗ್ಗ ಎಳೆದ ಹಾಗೆ, ತೇರು ಎಳೆದ ಹಾಗೆ, ಬಲ ಹಾಕೋ ಕೆಲಸ. ಮೂಗಿನ ಹೊಳ್ಳೆ ಮುದುಡಿ, ಹೆಗಲು ಕಿವಿ ಕಡೆ ಏರಿ, ಕುತ್ತಿಗೆಯ ನರ ಉಬ್ಬುತ್ತೆ. ‘ಹಿಡಿ’ ಅಂದಾಗ ಗಂಟಲು ಬಿಗಿ ಆಯ್ತು. ನಮ್ಮಲ್ಲಿ ಉಸಿರು ಬಿಗಿಹಿಡಿಯೋದು ಅಂದ್ರೇನೆ ಭಯದಲ್ಲೋ ಕಾತರದಲ್ಲೋ ಮಾಡೋದು. ‘ಬಿಡು’ ಅಂದಾಗ ಬಾಯಿಂದ ‘ಉಸ್’ ಅಂತ ಒಂದೇ ಸಲ ಬಿಟ್ಟರು, ನಿಟ್ಟುಸಿರಿನ ಹಾಗೆ. ಹೀಗೆ ದೊಡ್ಡ ದೊಡ್ಡ ಉಸಿರು ಬೇಗ ಬೇಗ ಆಡಿದ್ರೆ ರಕ್ತದಲ್ಲಿರೋ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಕಡಿಮೆ ಆಗುತ್ತೆ. ಆಗ ಮಿದುಳಿಗೆ ಹೋಗೋ ರಕ್ತನಾಳ ಸ್ವಲ್ಪ ಕಿರಿದಾಗ್ತವೆ. ತಲೆ ತಿರುಗೋದು, ಬೆರಳು, ತುಟಿ ಜುಮುಗುಟ್ಟೋದು ಅದರಿಂದಲೇ. ಶಾಂತಿಗೆ ಅಂತ ಮಾಡಿದ್ದು ಗಾಬರಿ ತಂದಿತು.

ಕೈಕಾಲಿಗೆ ಅಪ್ಪಣೆ, ಉಸಿರಿಗೆ ಅನುಮತಿ

ಈಗ ದೇಹ ಏನು ಮಾಡುತ್ತೆ ನೋಡಿ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗೋ ಸ್ನಾಯು ಇಲ್ಲ. ಅದರ ಕೆಳಗೆ, ಎದೆ ಮತ್ತು ಹೊಟ್ಟೆಯ ನಡುವೆ, ಒಂದು ಅಗಲವಾದ ಸ್ನಾಯು ಇದೆ. ಶಾಲೆ ಪುಸ್ತಕದಲ್ಲಿ ‘ವಪೆ’ ಅಂತ ಓದಿರ್ತೀರಿ. ಅದು ಕೆಳಗೆ ಇಳಿಯುತ್ತೆ, ಪಕ್ಕೆಲುಬು ಅಗಲ ಆಗ್ತವೆ, ಒಳಗೆ ಜಾಗ ಆಗುತ್ತೆ, ಗಾಳಿ ತಾನೇ ಬರುತ್ತೆ. ಮೂಗು ಬರೀ ಬಾಗಿಲು. ಬಾಗಿಲು ಗಾಳಿಯನ್ನ ಎಳೆಯಲ್ಲ. ಇನ್ನು ಸುಮ್ಮನೆ ಇರುವಾಗ ಉಸಿರು ಹೊರಗೆ ಹೋಗೋದಕ್ಕೆ ಅಷ್ಟೂ ಕೆಲಸ ಬೇಡ. ಹಿಗ್ಗಿದ್ದು ತನ್ನಷ್ಟಕ್ಕೆ ಕುಗ್ಗುತ್ತೆ.

ಹಾಗಾದ್ರೆ ಉಸಿರಿನ ವಿಷಯದಲ್ಲಿ ‘ಮಾಡಿ’ ಅನ್ನೋದಕ್ಕಿಂತ ‘ಆಗಲಿ’ ಅನ್ನೋದು ದೇಹಕ್ಕೆ ಹತ್ತಿರ. ಇಲ್ಲಿ ಕನ್ನಡ ನಮಗೆ ದೊಡ್ಡ ಸಹಾಯ ಮಾಡುತ್ತೆ. ‘ಬರಲಿ’, ‘ನಿಲ್ಲಲಿ’, ‘ಹೋಗಲಿ’ ಅನ್ನೋ ರೂಪ ನಮ್ಮಲ್ಲಿ ದಿನಾ ಬಳಕೆಯಲ್ಲಿದೆ. ಒಂದೇ ಪದ, ಯಾರ ಮೇಲೂ ಜೋರು ಮಾಡಲ್ಲ. ಇಂಗ್ಲಿಷಲ್ಲಿ ಇದೇ ಭಾವ ತರೋಕೆ ಟೀಚರು ಮೂರು ನಾಲ್ಕು ಪದ ಜೋಡಿಸಬೇಕು. ಹಾಗಾಗಿ ನಾನು ಇಟ್ಟುಕೊಂಡ ನಿಯಮ ಇದು: ಕೈಕಾಲಿಗೆ ಹೇಳುವಾಗ ಅಪ್ಪಣೆ, ಅಂದ್ರೆ ಚಾಚಿ, ಮಡಚಿ, ಹೊರಳಿ. ಉಸಿರಿಗೆ ಹೇಳುವಾಗ ಅನುಮತಿ, ಅಂದ್ರೆ ಬರಲಿ, ನಿಲ್ಲಲಿ, ಹೋಗಲಿ.

ಹಳೇ ಹೆಸರುಗಳೂ ಇದಕ್ಕೆ ಒಪ್ಪುತ್ತವೆ. ಒಳಗೆ ಬರೋ ಉಸಿರು ಪೂರಕ, ಅಂದ್ರೆ ತುಂಬೋದು. ಹೊರಗೆ ಹೋಗೋದು ರೇಚಕ, ಬರಿದಾಗೋದು. ನಿಲ್ಲೋದು ಕುಂಭಕ, ಕುಂಭ ಅಂದ್ರೆ ಕೊಡ. ಮೂರರಲ್ಲೂ ಕೊಡ ತುಂಬಿ, ತುಳುಕದೆ ನಿಂತು, ಖಾಲಿಯಾಗೋ ಚಿತ್ರ ಇದೆ. ಎಳೆದಾಟ ಎಲ್ಲೂ ಇಲ್ಲ.

ಇನ್ನು ಮುಂದೆ ಹೆಜ್ಜೆ ಹೆಜ್ಜೆಯಾಗಿ ಹೋಗೋಣ.

ಹೆಜ್ಜೆ 1: ಹಾಸಿಗೆ ಹೊಂದಿಸೋದು

ಇಂಗ್ಲಿಷ್ ಪಾಠದಲ್ಲಿ ಬೋಲ್‌ಸ್ಟರ್ ಅಂತ ಬರುತ್ತೆ. ಮನೆಯಲ್ಲಿ ಅದು ಬೇಕಿಲ್ಲ. ಎರಡು ಸೊಲ್ಲಾಪುರ ಚಾದರ ಅಥವಾ ಒಂದು ಕೌದಿ ಸಾಕು. ಉದ್ದಕ್ಕೆ ಮಡಚಿ, ಒಂದು ಅಡಿ ಅಗಲ, ಮೂರು ನಾಲ್ಕು ಬೆರಳು ದಪ್ಪ ಬರಲಿ. ಅದು ಸೊಂಟದ ಮೇಲ್ಭಾಗದಿಂದ ತಲೆವರೆಗೆ ಬೆನ್ನಿನ ಕೆಳಗೆ ಇರಬೇಕು. ಕುಂಡಿ ನೆಲದ ಮೇಲೇ ಇರಲಿ. ತಲೆಗೆ ಇನ್ನೊಂದು ಮಡಿಕೆ. ಅದು ತಲೆ ಮತ್ತು ಕುತ್ತಿಗೆಗೆ ಮಾತ್ರ, ಹೆಗಲ ಕೆಳಗೆ ಬರಬಾರದು.

ಉದ್ದೇಶ ಏನು? ದಿನವಿಡೀ ಡೆಸ್ಕಿನ ಮುಂದೆ ಬಾಗಿ ಕೂತವರಿಗೂ, ಬೆನ್ನು ಸ್ವಲ್ಪ ಗೂನಾದ ಹಿರಿಯರಿಗೂ ಪಕ್ಕೆಲುಬು ಮುಂದಕ್ಕೆ ಒತ್ತಿಕೊಂಡಿರ್ತವೆ. ಬೆನ್ನಿನ ಕೆಳಗೆ ಆಸರೆ ಕೊಟ್ಟರೆ ಎದೆ ತಾನಾಗಿ ಅಗಲ ಆಗುತ್ತೆ. ಇಲ್ಲಿ ‘ಓಪನ್ ಯುವರ್ ಚೆಸ್ಟ್’ ಅನ್ನೋದನ್ನ ‘ಎದೆ ತೆರೆಯಿರಿ’ ಅಂದ್ರೆ ಆಪರೇಷನ್ ಥಿಯೇಟರ್ ನೆನಪಾಗುತ್ತೆ. ‘ಎದೆ ಅಗಲ ಆಗಲಿ’ ಅಂದ್ರೆ ಸಾಕು.

ಸರಿ ಇದೆಯೋ ಇಲ್ಲವೋ ಪಕ್ಕದಲ್ಲಿ ಕೂತು ನೋಡಿ. ಮಲಗಿದವರ ಹಣೆ ಗಲ್ಲಕ್ಕಿಂತ ಸ್ವಲ್ಪ ಮೇಲಿರಬೇಕು. ಗಲ್ಲ ಸೂರಿನ ಕಡೆ ಎತ್ತಿಕೊಂಡಿದ್ರೆ ಗಂಟಲು ಬಿಗಿಯುತ್ತೆ, ತಲೆಯ ಕೆಳಗೆ ಇನ್ನೊಂದು ಮಡಿಕೆ ಸೇರಿಸಿ. ಸೊಂಟ ನೋವು ಅಂದ್ರೆ ಮೊಣಕಾಲ ಕೆಳಗೆ ದಿಂಬು ಇಡಿ. ದಪ್ಪ ಜಾಸ್ತಿಯಾಗಿ ಎದೆ ಬಿಲ್ಲಿನ ಹಾಗೆ ಬಾಗಿದ್ರೆ ಒಂದು ಮಡಿಕೆ ತೆಗೆದುಬಿಡಿ.

ಮೊಣಕಾಲು ಅಂತ ಬೇಕಂತಲೇ ಹೇಳಿದೆ. ಮೈಸೂರು ಬೆಂಗಳೂರು ಕಡೆಯವರು ಅದಕ್ಕೆ ಮಂಡಿ ಅಂತೀವಿ. ಪುಣೆಯ ಕ್ಲಾಸಲ್ಲಿ ಮರಾಠಿ ಟೀಚರು ‘ಮಾಂಡಿ’ ಅಂದ್ರೆ ಅದು ತೊಡೆ. ‘ಮಾಂಡಿ ಸೈಲ್ ಸೋಡಾ’ ಅಂದ್ರೆ ತೊಡೆ ಸಡಿಲ ಬಿಡಿ ಅಂತ. ನಮ್ಮವರು ಮೊಣಕಾಲು ಅಲ್ಲಾಡಿಸ್ತಾ ಇರ್ತಾರೆ. ಮರಾಠಿಯ ‘ಪಾಠ್’ ಅಂದ್ರೆ ಬೆನ್ನು, ‘ಮಾನ್’ ಅಂದ್ರೆ ಕುತ್ತಿಗೆ. ಮನೆಯ ಹಿರಿಯರನ್ನು ಕ್ಲಾಸಿಗೆ ಕಳಿಸೋ ಮೊದಲು ಈ ಮೂರು ಪದ ಹೇಳಿಕೊಟ್ಟರೆ ಅರ್ಧ ಗೊಂದಲ ಕಡಿಮೆ.

ಹೆಜ್ಜೆ 2: ಅಂಗಾತ ಮಲಗಿ, ಬರೋ ಉಸಿರನ್ನು ನೋಡೋದು

ಶವಾಸನ ಅನ್ನೋ ಹೆಸರು ನಮಗೆ ರೂಢಿಯಾಗಿದೆ. ಆದ್ರೆ ಆ ಅವ್ವ ಮೊದಲೇ ಹೇಳಿಬಿಟ್ಟರು, “ಮನ್ಯಾಗ ಶವ ಗಿವ ಅನಬ್ಯಾಡ್ರಿ” ಅಂತ. ಸರಿಯಾದ ಮಾತೇ. ‘ಅಂಗಾತ ಮಲಗಿ’ ಅಂದ್ರೆ ಅರ್ಥ ಪೂರ್ತಿ ಬಂತು, ಮನಸ್ಸಿಗೂ ಕಿರಿಕಿರಿ ಇಲ್ಲ.

ಇಲ್ಲಿ ‘ರಿಲ್ಯಾಕ್ಸ್’ ಅನ್ನೋದನ್ನ ‘ವಿಶ್ರಾಂತಿ ತಗೊಳ್ಳಿ’ ಅಂತ ಅನುವಾದ ಮಾಡಿದ್ರೆ ಏನೂ ಆಗಲ್ಲ, ಜನ ಸುಮ್ಮನೆ ಮಲಗಿರ್ತಾರೆ, ದವಡೆ ಮಾತ್ರ ಕಚ್ಚಿಕೊಂಡೇ ಇರುತ್ತೆ. ಜಾಗ ಹೆಸರಿಸಿ ಹೇಳಬೇಕು: ಹಲ್ಲು ಹಲ್ಲಿಗೆ ತಾಗದೆ ಇರಲಿ. ನಾಲಿಗೆ ಬಾಯೊಳಗೆ ಕೆಳಗೆ ಮಲಗಲಿ. ರೆಪ್ಪೆ ತಾನಾಗಿ ಇಳಿಯಲಿ. ಅಂಗೈ ಮೇಲಕ್ಕೆ ನೋಡಲಿ. ‘ಸಾಫ್ಟನ್ ಯುವರ್ ಐಸ್’ ಅನ್ನೋದು ‘ಕಣ್ಣು ಮೆತ್ತಗೆ ಮಾಡಿ’ ಆದ್ರೆ ಕೇಳಿದವರಿಗೆ ನಗು ಬರುತ್ತೆ. ‘ಕಣ್ಣುಗುಡ್ಡೆ ಒಳಗೆ ಕೂರಲಿ’ ಅಂದ್ರೆ ಹಣೆಯ ಗಂಟು ತಾನಾಗಿ ಬಿಚ್ಚುತ್ತೆ.

ಮೂರು ನಿಮಿಷ ಉಸಿರು ಹೇಗೆ ಬರುತ್ತೋ ಹಾಗೇ ಬರಲಿ. ಏನೂ ಬದಲಾಯಿಸಬೇಡಿ. ಇದರ ಉದ್ದೇಶ ಅಳತೆ. ಇವತ್ತು ನನ್ನ ಸಹಜ ಉಸಿರು ಎಷ್ಟು ಉದ್ದ, ಎಷ್ಟು ಮೆತ್ತಗೆ ಅಂತ ಗೊತ್ತಾದ್ರೆ ಮುಂದಿನ ಹೆಜ್ಜೆಯಲ್ಲಿ ಜಾಸ್ತಿ ಮಾಡಿದೆನೋ ಅಂತ ತಿಳಿಯುತ್ತೆ. ಟೆಸ್ಟಿಂಗಿಗೆ ಮೊದಲು ಬೇಸ್‌ಲೈನ್ ತಗೊಳ್ಳೋ ಹಾಗೆ. ಚಪ್ಪಟೆ ಮಲಗಿದ ಕೂಡಲೇ ಉಸಿರು ಕಟ್ಟೋ ಹಾಗಾದ್ರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು, ಅದು ದಿಂಬಿನಿಂದ ಸರಿ ಮಾಡೋ ವಿಷಯ ಅಲ್ಲ.

ಹೆಜ್ಜೆ 3: ಉಜ್ಜಾಯಿ

ಇಲ್ಲಿ ಗಂಟಲಿನ ದಾರಿಯನ್ನ ಒಂದು ಚೂರು ಕಿರಿದು ಮಾಡಿಕೊಳ್ತೀವಿ. ಗಾಳಿ ಹೋಗುವಾಗ ಮೆಲುವಾದ ಸದ್ದು ಬರುತ್ತೆ. ಕಲಿಸೋದು ಸುಲಭ: ಕನ್ನಡಕ ಒರೆಸೋ ಮೊದಲು ಬಾಯಿಂದ ‘ಹಾ’ ಅಂತ ಗಾಜಿನ ಮೇಲೆ ಆವಿ ಬಿಡ್ತೀವಲ್ಲ, ಅದನ್ನೇ ಬಾಯಿ ಮುಚ್ಚಿಕೊಂಡು ಮಾಡಿ. ಒಳಗೆ ಬರುವಾಗ ‘ಸ’ಕಾರದ ಹಾಗೆ, ಹೊರಗೆ ಹೋಗುವಾಗ ‘ಹ’ಕಾರದ ಹಾಗೆ ಕೇಳಿಸುತ್ತೆ.

ಉದ್ದೇಶ ಎರಡು. ದಾರಿ ಕಿರಿದಾದ್ದರಿಂದ ಗಾಳಿ ನಿಧಾನ ಆಗುತ್ತೆ, ನೀವು ಎಣಿಸದೇ ಉಸಿರು ಉದ್ದ ಆಗುತ್ತೆ. ಎರಡನೆಯದು, ಸದ್ದು ಕಿವಿಗೆ ಕೇಳೋದ್ರಿಂದ ಉಸಿರು ಒಂದೇ ಸಮ ಇದೆಯೋ ಇಲ್ಲವೋ ಗೊತ್ತಾಗುತ್ತೆ. ಶುರುವಲ್ಲಿ ಜೋರು, ಕೊನೆಯಲ್ಲಿ ಕ್ಷೀಣ ಅನಿಸಿದ್ರೆ ಎಳೆಯುತ್ತಾ ಇದೀರಿ ಅಂತ ಅರ್ಥ. ಸದ್ದು ಮಲಗಿದವರಿಗೆ ಮಾತ್ರ ಕೇಳಿದ್ರೆ ಸಾಕು. ಪಕ್ಕದ ರೂಮಿಗೆ ಕೇಳಿಸೋದು ಗೊರಕೆ, ಉಜ್ಜಾಯಿ ಅಲ್ಲ.

ಸೂಚನೆ ಹೀಗಿರಲಿ: ‘ಪಕ್ಕೆಲುಬು ಅಗಲ ಆಗಲಿ, ಉಸಿರು ಮೆಲ್ಲಗೆ ಬರಲಿ. ಈಗ ಅದರಷ್ಟಕ್ಕೆ ಹೋಗಲಿ, ಹೋಗೋದು ಬಂದದ್ದಕ್ಕಿಂತ ಸ್ವಲ್ಪ ಉದ್ದ ಇರಲಿ.’ ಹೋಗೋ ಉಸಿರೇ ಯಾಕೆ ಉದ್ದ? ಉಸಿರು ಒಳಗೆ ಬರುವಾಗ ಎದೆಬಡಿತ ಸ್ವಲ್ಪ ವೇಗ ಆಗುತ್ತೆ, ಹೊರಗೆ ಹೋಗುವಾಗ ನಿಧಾನ ಆಗುತ್ತೆ. ಮಣಿಕಟ್ಟಿನ ನಾಡಿ ಹಿಡಿದು ನೋಡಿದ್ರೆ ಕೆಲವರಿಗೆ ಈ ವ್ಯತ್ಯಾಸ ಬೆರಳಿಗೇ ಸಿಗುತ್ತೆ. ಹೋಗೋ ಉಸಿರು ಉದ್ದ ಆದಷ್ಟೂ ಬಡಿತ ನಿಧಾನ ಇರೋ ಹೊತ್ತು ಹೆಚ್ಚಾಗುತ್ತೆ.

ಇಲ್ಲಿ ಒಂದು ಎಚ್ಚರ. ‘ಎಕ್ಸ್‌ಹೇಲ್ ಕಂಪ್ಲೀಟ್ಲಿ’ ಅಂತ ವಿಡಿಯೋದಲ್ಲಿ ಬರುತ್ತೆ. ‘ಪೂರ್ತಿ ಖಾಲಿ ಮಾಡಿ’ ಅಂದ್ರೆ ಜನ ಹೊಟ್ಟೆ ಹಿಂಡಿ ಹಿಂಡಿ ಬಿಡ್ತಾರೆ. ಎಷ್ಟೇ ಹಿಂಡಿದ್ರೂ ದೊಡ್ಡವರ ಶ್ವಾಸಕೋಶದಲ್ಲಿ ಒಂದು ಲೀಟರಿಗಿಂತ ಹೆಚ್ಚು ಗಾಳಿ ಉಳಿದೇ ಇರುತ್ತೆ, ಪೂರ್ತಿ ಖಾಲಿ ಅನ್ನೋದು ಆಗೋದೇ ಇಲ್ಲ. ‘ಸಾಕು ಅನಿಸುವವರೆಗೆ ಹೋಗಲಿ’ ಅನ್ನಿ. ಜಾಸ್ತಿ ಆಯ್ತೋ ಅಂತ ತಿಳಿಯೋದು ಮುಂದಿನ ಉಸಿರಲ್ಲಿ. ಅದು ಗಬಕ್ಕನೆ ಬಂದ್ರೆ ಹಿಂದಿನದು ಅತಿ ಆಗಿತ್ತು. ಅದು ಮೆಲ್ಲಗೆ ಬಂದ್ರೆ ಅಳತೆ ಸರಿ ಇದೆ. ಐದು ನಿಮಿಷ ಹೀಗೆ, ನಡುವೆ ಬೇಕಾದಾಗ ಎರಡು ಸಹಜ ಉಸಿರು.

ಹೆಜ್ಜೆ 4: ವಿಲೋಮ, ಅಂದ್ರೆ ಮೆಟ್ಟಿಲು ಉಸಿರು

ಲೋಮ ಅಂದ್ರೆ ರೋಮ, ಕೂದಲು. ಬೆಕ್ಕಿನ ಬೆನ್ನನ್ನು ತಲೆಯಿಂದ ಬಾಲಕ್ಕೆ ಸವರಿದ್ರೆ ಅನುಲೋಮ, ಬಾಲದಿಂದ ತಲೆಗೆ ಸವರಿದ್ರೆ ವಿಲೋಮ. ಉಸಿರು ಒಂದೇ ಹರಿವಲ್ಲಿ ಹೋಗೋದು ಸಹಜ. ಅದನ್ನ ನಡುವೆ ನಿಲ್ಲಿಸಿ ನಿಲ್ಲಿಸಿ ಕಳಿಸೋದು ಆ ಸಹಜಕ್ಕೆ ಎದುರು, ಅದಕ್ಕೇ ಆ ಹೆಸರು. ಆದರೆ ‘ವಿಲೋಮ ಮಾಡಿ’ ಅಂದ್ರೆ ಮಲಗಿದವರಿಗೆ ಏನೂ ತಿಳಿಯಲ್ಲ. ನಾನು ಇದನ್ನ ಮೆಟ್ಟಿಲು ಉಸಿರು ಅಂತ ಕರೆದೆ. ಅವ್ವ ಕೂಡಲೇ ಹಿಡಿದರು, “ಒಂದೊಂದ ಪಾವಟಗಿ ಇಳದಂಗ” ಅಂತ.

ಇದರಲ್ಲಿ ಎರಡು ವಿಧ. ಉಸಿರು ಬರುವಾಗ ನಿಂತು ನಿಂತು ಬರೋದು ಒಂದು, ಹತ್ತೋ ಮೆಟ್ಟಿಲು. ಹೋಗುವಾಗ ನಿಂತು ನಿಂತು ಹೋಗೋದು ಇನ್ನೊಂದು, ಇಳಿಯೋ ಮೆಟ್ಟಿಲು. ಅಯ್ಯಂಗಾರರು ರಕ್ತದೊತ್ತಡ ಕಡಿಮೆ ಇರೋರಿಗೆ ಮೊದಲನೆಯದನ್ನೂ, ಹೆಚ್ಚಿರೋರಿಗೆ ಎರಡನೆಯದನ್ನೂ ಹೇಳ್ತಾರೆ. ಆ ಅವ್ವನಿಗೆ ಬಿಪಿ ಇರೋದ್ರಿಂದ ನಾವು ಇಳಿಯೋ ಮೆಟ್ಟಿಲು ಮಾತ್ರ ಇಟ್ಟುಕೊಂಡೆವು. ಇದು ಮಾತ್ರೆಗೆ ಬದಲಿ ಅಲ್ಲ. ಮಾತ್ರೆ ಮಾತ್ರೆಯೇ.

ಲೆಕ್ಕ ಹೀಗೆ. ಉಸಿರು ಸಹಜವಾಗಿ ಬರಲಿ. ಈಗ ಎರಡು ಸೆಕೆಂಡ್ ಹೋಗಲಿ, ಒಂದು ಸೆಕೆಂಡ್ ನಿಲ್ಲಲಿ. ಇನ್ನೆರಡು ಸೆಕೆಂಡ್ ಹೋಗಲಿ, ನಿಲ್ಲಲಿ. ಉಳಿದದ್ದು ಹೋಗಲಿ. ಒಟ್ಟು ಮೂರು ಮೆಟ್ಟಿಲು. ಆಮೇಲೆ ಎರಡು ಸಹಜ ಉಸಿರು. ಇದು ಒಂದು ಸುತ್ತು. ಆರು ಸುತ್ತು ಸಾಕು. ವಾರ ಎರಡು ವಾರ ಆದ ಮೇಲೆ ಸಲೀಸಾದ್ರೆ ನಾಲ್ಕನೇ ಮೆಟ್ಟಿಲು ಸೇರಿಸಬಹುದು.

ಉದ್ದೇಶ ಏನಂದ್ರೆ, ಉದ್ದ ಉಸಿರನ್ನ ಒಂದೇ ಹಿಡಿತದಲ್ಲಿ ನಿಧಾನ ಮಾಡೋದು ಹೊಸಬರಿಗೆ ಕಷ್ಟ. ತುಂಡು ಮಾಡಿದ್ರೆ ಪ್ರತಿ ತುಂಡೂ ಚಿಕ್ಕದು, ಸುಲಭ. ಕೂಡಿಸಿದ್ರೆ ಒಟ್ಟು ಉಸಿರು ಉದ್ದ ಆಗಿರುತ್ತೆ. ಜೊತೆಗೆ, ನಿಲ್ಲೋ ಒಂದೊಂದು ಸೆಕೆಂಡಲ್ಲಿ ಎಲ್ಲಿ ಬಿಗಿ ಇದೆ ಅಂತ ಸಿಕ್ಕಿಬೀಳುತ್ತೆ, ಗಂಟಲಲ್ಲೋ ಹೊಟ್ಟೆಯಲ್ಲೋ ದವಡೆಯಲ್ಲೋ.

ಇದೇ ಜಾಗದಲ್ಲಿ ‘ಹಿಡಿ’ ಅನ್ನೋ ಪದ ನಿಜಕ್ಕೂ ತೊಂದರೆ ಕೊಡುತ್ತೆ. ಗಂಟಲು ಮುಚ್ಚಿ, ಹೊಟ್ಟೆ ಬಿಗಿದು ತಡೆದರೆ ಎದೆಯೊಳಗಿನ ಒತ್ತಡ ಏರುತ್ತೆ, ರಕ್ತದೊತ್ತಡವೂ ಮೇಲೆ ಕೆಳಗೆ ಆಗುತ್ತೆ. ಭಾರ ಎತ್ತುವಾಗ ಮುಕ್ಕಿರೀತೀವಲ್ಲ, ಹಾಗೆ. ಬಿಪಿ ಇರೋರಿಗೆ ಅದೇ ಬೇಡ. ‘ನಿಲ್ಲಲಿ’ ಅಂದಾಗ ಪಕ್ಕೆಲುಬಿನ ಇಳಿತ ನಿಲ್ಲುತ್ತೆ, ಗಂಟಲ ಬಾಗಿಲು ತೆರೆದೇ ಇರುತ್ತೆ. ಪರೀಕ್ಷೆ ಮಾಡೋದು ಹೀಗೆ: ನಿಂತ ಉಸಿರು ಮತ್ತೆ ಹೊರಡುವಾಗ ಗಂಟಲಲ್ಲಿ ‘ಟಕ್’ ಅಂತ ಸದ್ದು ಬಂದ್ರೆ ಬಾಗಿಲು ಮುಚ್ಚಿತ್ತು ಅಂತ ಅರ್ಥ. ಸದ್ದಿಲ್ಲದೆ ಹೊರಟರೆ ಸರಿ ಇದೆ. ‘ಟಕ್’ ಬರ್ತಾನೇ ಇದ್ರೆ ಅವತ್ತಿಗೆ ಮೆಟ್ಟಿಲು ಬಿಟ್ಟು ಬರೀ ಉಜ್ಜಾಯಿ ಮಾಡಿ.

ಹೆಜ್ಜೆ 5: ಸುಮ್ಮನೆ ಇರೋದು, ಏಳೋದು

ಎಣಿಕೆ ಎಲ್ಲಾ ಬಿಟ್ಟು ಐದು ನಿಮಿಷ. ಬೆನ್ನಿನ ಕೆಳಗಿನ ಮಡಿಕೆ ತೆಗೆದು ಚಪ್ಪಟೆ ಮಲಗಬಹುದು. ಉಸಿರಿನ ಕಡೆಗೂ ಲಕ್ಷ್ಯ ಬೇಡ. ಎರಡನೇ ಹೆಜ್ಜೆಯಲ್ಲಿ ನೋಡಿದ ಉಸಿರಿಗೂ ಈಗಿನದಕ್ಕೂ ವ್ಯತ್ಯಾಸ ಇದ್ರೆ ತಾನಾಗಿ ಗೊತ್ತಾಗುತ್ತೆ.

ಏಳೋದೂ ಪಾಠದ ಭಾಗ. ಮಲಗಿದ್ದವರು ನೇರ ಎದ್ದು ಕೂತರೆ ಕುತ್ತಿಗೆ ಸೊಂಟಕ್ಕೆ ಜಗ್ಗುತ್ತೆ. ಬಿಪಿ ಮಾತ್ರೆ ತಗೊಳ್ಳೋರಿಗೆ ಥಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರಬಹುದು. ಅದಕ್ಕೆ ಮೊಣಕಾಲು ಮಡಚಿ, ಬಲ ಮಗ್ಗುಲಿಗೆ ಹೊರಳಿ, ಅಲ್ಲೇ ಅರ್ಧ ನಿಮಿಷ ಇದ್ದು, ಕೈ ಊರಿ ಏಳೋದು. ಕೂತ ಮೇಲೂ ಒಂದು ನಿಮಿಷ ತಡೆದು ನಿಲ್ಲೋದು.

ಪೂರ್ತಿ ಪಾಠ, ಓದಿ ಹೇಳೋಕೆ

ಊಟ ಆಗಿ ಮೂರು ನಾಲ್ಕು ಗಂಟೆ ಆಗಿರಲಿ. ಒಂದೊಂದು ವಾಕ್ಯ ಆದ ಮೇಲೂ ನಿಲ್ಲಿಸಿ, ಅವರ ಉಸಿರು ನೋಡಿ, ಆಮೇಲೆ ಮುಂದಿನದು ಓದಿ. ನಿಮ್ಮ ದನಿಯ ವೇಗವನ್ನೇ ಅವರ ಉಸಿರು ಹಿಡಿಯುತ್ತೆ. ನಮ್ಮ ಬಾಗಲಕೋಟೆ ಅವ್ವನಿಗೆ ಮಗ ‘ಬರಲಿ’ ಬದಲು ‘ಬರ್ಲಿ ಅವ್ವ’, ‘ಹೋಗ್ಲಿ’ ಅಂತ ಓದಿದ. ನಿಮ್ಮ ಮನೆ ಮಾತು ಯಾವುದೋ ಅದರಲ್ಲೇ ಓದಿ, ಪುಸ್ತಕದ ಕನ್ನಡ ಬೇಕಿಲ್ಲ.

ಅಂಗಾತ ಮಲಗಿ. ಕಾಲು ಚಾಚಿ, ಪಾದ ಹೊರಗೆ ಬೀಳಲಿ.
ಕೈ ಮೈಯಿಂದ ಸ್ವಲ್ಪ ದೂರ ಇರಲಿ, ಅಂಗೈ ಮೇಲಕ್ಕೆ.
ರೆಪ್ಪೆ ಇಳಿಯಲಿ. ಹಲ್ಲು ಹಲ್ಲಿಗೆ ತಾಗದಿರಲಿ. ನಾಲಿಗೆ ಮಲಗಲಿ.
ಉಸಿರು ಹೇಗೆ ಬರುತ್ತೋ ಹಾಗೆ ಬರಲಿ, ಹೇಗೆ ಹೋಗುತ್ತೋ ಹಾಗೆ ಹೋಗಲಿ. *(ಮೂರು ನಿಮಿಷ ಸುಮ್ಮನಿರಿ)*
ಈಗ ಗಂಟಲಲ್ಲಿ ಮೆಲುವಾದ ಸದ್ದು ಕೇಳಿಸಲಿ.
ಪಕ್ಕೆಲುಬು ಅಗಲ ಆಗಲಿ, ಉಸಿರು ಬರಲಿ.
ಮೆಲ್ಲಗೆ ಹೋಗಲಿ, ಸಾಕು ಅನಿಸುವವರೆಗೆ. *(ಐದು ನಿಮಿಷ)*
ಈಗ ಮೆಟ್ಟಿಲು. ಉಸಿರು ಬರಲಿ.
ಸ್ವಲ್ಪ ಹೋಗಲಿ. ನಿಲ್ಲಲಿ.
ಇನ್ನು ಸ್ವಲ್ಪ ಹೋಗಲಿ. ನಿಲ್ಲಲಿ.
ಉಳಿದದ್ದೂ ಹೋಗಲಿ.
ಎರಡು ಉಸಿರು ನಿಮ್ಮಿಷ್ಟದಂತೆ. *(ಆರು ಸುತ್ತು)*
ಈಗ ಏನೂ ಮಾಡೋದು ಬೇಡ. ಸುಮ್ಮನೆ ಇರಿ. *(ಐದು ನಿಮಿಷ)*
ಮೊಣಕಾಲು ಮಡಚಿ. ಬಲ ಮಗ್ಗುಲಿಗೆ ಹೊರಳಿ. ಅಲ್ಲೇ ಸ್ವಲ್ಪ ಹೊತ್ತು.
ಕೈ ಊರಿ, ನಿಧಾನ ಏಳಿ.

ಇಷ್ಟೇ. ಹೃದಯದ ತೊಂದರೆ ಇತ್ತೀಚೆಗೆ ಆದವರು, ಎದೆನೋವು ಇರೋರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇದನ್ನ ಶುರು ಮಾಡಬೇಡಿ. ನಡುವೆ ಯಾರಿಗಾದ್ರೂ ತಲೆ ಹಗುರ ಅನಿಸಿದ್ರೆ, ಬೆರಳು ಜುಮುಗುಟ್ಟಿದ್ರೆ ಎಣಿಕೆ ಬಿಟ್ಟು ಸಹಜ ಉಸಿರಿಗೆ ಬನ್ನಿ, ಒಂದೆರಡು ನಿಮಿಷದಲ್ಲಿ ಸರಿ ಹೋಗುತ್ತೆ. ಹೋಗಲಿಲ್ಲ ಅಂದ್ರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಆ ಅವ್ವ ಈಗ ವಾರಕ್ಕೆ ನಾಲ್ಕೈದು ದಿನ ಮಾಡ್ತಾರೆ. ಮಲಗಿದ ಕೂಡಲೇ ನಿದ್ದೆ ಬರುತ್ತೆ ಅಂತೇನೂ ಅವರು ಹೇಳಲ್ಲ. “ರಾತ್ರಿ ಎಚ್ಚರಾದ್ರ ಗಾಬರಿ ಆಗಂಗಿಲ್ಲ, ಪಾವಟಗಿ ಇಳೀತೀನಿ” ಅಂತಾರೆ.

ನಿಮ್ಮ ಕಡೆ ಹಿಮ್ಮಡಿಗೆ, ಮಗ್ಗುಲಿಗೆ, ಪಕ್ಕೆಲುಬಿಗೆ ಬೇರೆ ಪದ ಇದ್ರೆ ಬರೆದು ಕಳಿಸಿ. ಬೀದರ್ ಕಡೆಯ ಮಾತು, ಮಂಗಳೂರು ಕಡೆಯ ಮಾತು ಎರಡೂ ಬೇಕು. ಕೂತು ಮಾಡೋ ಪ್ರಾಣಾಯಾಮದ ಪಾಠ ಮಾಡುವಾಗ ಆ ಪದಗಳನ್ನೂ ಸೇರಿಸಿಕೊಳ್ಳೋಣ.